ಹೂರಣ ಬೇರೆ, ದೋಣಿ ಬೇರೆ: ಪಾರ್ಟಿಗೆ ಮಸಾಲೆ ತುಂಬಿದ ಮೊಟ್ಟೆ

ಬೇಯಿಸಿದ ಮೊಟ್ಟೆಯನ್ನು ಉದ್ದಕ್ಕೆ ಸೀಳಿ, ಹಳದಿ ತೆಗೆದು, ಅದಕ್ಕೆ ಮಸಾಲೆ ಬೆರೆಸಿ ಮತ್ತೆ ಅದೇ ಗುಳಿಗೆ ತುಂಬುವುದು. ಡೆವಿಲ್ಡ್ ಎಗ್ಸ್ ಅಂದರೆ ಇಷ್ಟೇ. ಮನೆಯಲ್ಲಿ ಆರು ಮೊಟ್ಟೆಗೆ ಮಾಡಿದರೆ ಕಷ್ಟವೇನೂ ಇಲ್ಲ. ಮಾಡಿದ ಹತ್ತು ನಿಮಿಷಕ್ಕೆ ತಟ್ಟೆ ಖಾಲಿ. ಪಾರ್ಟಿಯಲ್ಲಿ ಹಾಗಲ್ಲ. ಮಾಡುವ ಹೊತ್ತಿಗೂ ತಿನ್ನುವ ಹೊತ್ತಿಗೂ ನಡುವೆ ಒಂದು ದಿನವೇ ಇರಬಹುದು. ಹೂರಣ ಒಣಗುವುದು, ನೀರು ಬಿಡುವುದು, ಕೆಡುವುದು ಎಲ್ಲ ಆ ನಡುವಿನ ಹೊತ್ತಿನಲ್ಲೇ.

ಕೇಟರಿಂಗ್ ಕೆಲಸದಲ್ಲಿ ನಾನು ಕಂಡುಕೊಂಡ ದಾರಿ ಒಂದೇ. ಹೂರಣ ಮತ್ತು ಬಿಳಿ ದೋಣಿಗಳನ್ನು ಬೇರೆ ಬೇರೆಯಾಗಿ, ತಣ್ಣಗೆ ಇಟ್ಟುಕೊಂಡು, ಬಡಿಸುವ ಮುಂಚೆ ತುಂಬುವುದು. ಮೂವತ್ತು ಜನ ಬರುವ, ಶನಿವಾರ ಸಂಜೆ ಏಳು ಗಂಟೆಯ ಪಾರ್ಟಿ ಅಂದುಕೊಳ್ಳಿ. 48 ಅರ್ಧಗಳು ಬೇಕು, ಅಂದರೆ 24 ಮೊಟ್ಟೆ. ನಾನು 26 ಬೇಯಿಸುತ್ತೇನೆ. ಒಂದೆರಡು ಸುಲಿಯುವಾಗ ಹರಿಯುತ್ತವೆ, ಅದು ಲೆಕ್ಕದಲ್ಲೇ ಇರಲಿ. ಹರಿದವುಗಳ ಹಳದಿ ಹೇಗೂ ಹೂರಣಕ್ಕೆ ಹೋಗುತ್ತದೆ.

ಅವತ್ತೇ ತಂದ ತಾಜಾ ಮೊಟ್ಟೆ ಈ ಕೆಲಸಕ್ಕೆ ಬೇಡ. ಅದರ ಬಿಳಿ ಒಳಪೊರೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಕೂತ ಮೊಟ್ಟೆ ಚೆನ್ನಾಗಿ ಸುಲಿಯುತ್ತದೆ. ಚಿಪ್ಪಿನ ರಂಧ್ರಗಳಿಂದ ಕಾರ್ಬನ್ ಡೈಆಕ್ಸೈಡ್ ನಿಧಾನವಾಗಿ ಹೊರಹೋಗಿ, ಬಿಳಿಯ ಕ್ಷಾರ ಗುಣ ಹೆಚ್ಚಿ, ಆ ಹಿಡಿತ ಸಡಿಲವಾಗಿರುತ್ತದೆ. ಹಿಂದಿನ ರಾತ್ರಿ ಮೊಟ್ಟೆಗಳನ್ನು ಅಡ್ಡ ಮಲಗಿಸಿ ಇಟ್ಟರೆ ಹಳದಿ ನಡುಮಧ್ಯಕ್ಕೆ ಬರುವ ಸಾಧ್ಯತೆ ಜಾಸ್ತಿ. ಹಳದಿ ಒಂದು ಕಡೆ ಸರಿದಿದ್ದರೆ ಅಲ್ಲಿ ಬಿಳಿಯ ಗೋಡೆ ಕಾಗದದಷ್ಟು ತೆಳ್ಳಗಾಗಿ, ತುಂಬುವಾಗ ಒಡೆದುಹೋಗುತ್ತದೆ.

ಶುಕ್ರವಾರ ಸಂಜೆ ಬೇಯಿಸುತ್ತೇನೆ. ನೀರು ಮೊದಲೇ ಕುದಿಯುತ್ತಿರಬೇಕು. ತಣ್ಣೀರಿನಲ್ಲಿ ಇಟ್ಟು ನಿಧಾನವಾಗಿ ಕಾಯಿಸಿದರೆ ಸುಲಿಯುವುದು ಕಷ್ಟ. ಅಗಲವಾದ ಪಾತ್ರೆ, ಒಂದೇ ಪದರ, ಎರಡು ಸರದಿ. ಹದಿಮೂರು ತಣ್ಣನೆಯ ಮೊಟ್ಟೆ ಬಿದ್ದಾಗ ಕುದಿ ನಿಲ್ಲುತ್ತದೆ. ಮತ್ತೆ ಸಣ್ಣ ಕುದಿ ಬಂದ ಮೇಲೆ ಗಡಿಯಾರ ನೋಡಿ, 12 ನಿಮಿಷ. ಆಮೇಲೆ ನೇರ ಐಸ್ ನೀರಿಗೆ, ಹದಿನೈದು ನಿಮಿಷ. ಐಸ್ ಕರಗಿದರೆ ಇನ್ನಷ್ಟು ಹಾಕಿ.

ಹೊತ್ತು ಮೀರಿ ಬೇಯಿಸಿದರೂ, ನಿಧಾನವಾಗಿ ಆರಿಸಿದರೂ ಹಳದಿಯ ಸುತ್ತ ಹಸಿರು ಬಳೆ ಮೂಡುತ್ತದೆ. ಬಿಳಿಯಿಂದ ಹೊರಡುವ ಗಂಧಕದ ಅನಿಲ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ತಿಂದರೆ ಏನೂ ಆಗುವುದಿಲ್ಲ. ನನಗೆ ಅದು ಬೇರೆ ವಿಷಯ ಹೇಳುತ್ತದೆ. ಅಷ್ಟು ಬೆಂದ ಹಳದಿ ಒಣಗಿ ಪುಡಿಪುಡಿಯಾಗಿರುತ್ತದೆ, ಎಷ್ಟು ಮೇಯೊನೀಸ್ ಸುರಿದರೂ ನಾಲಿಗೆಗೆ ತರಿತರಿ ಸಿಗುತ್ತದೆ. ಹೂರಣದ ಅರ್ಧ ನುಣುಪು ಒಲೆಯ ಮೇಲೇ ತೀರ್ಮಾನವಾಗಿರುತ್ತದೆ.

ಸುಲಿದು, ತೊಳೆದು, ಒಣ ಬಟ್ಟೆಯಲ್ಲಿ ಒತ್ತಿ, ಸೀಳಿ. ಪ್ರತಿ ಸಲ ಚಾಕುವಿನ ಅಲಗನ್ನು ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಬಿಳಿಯ ಮೇಲೆ ಹಳದಿ ಗೀರು. 26 ಹಳದಿ ಸೇರಿದರೆ ಸುಮಾರು 450 ಗ್ರಾಂ. ಫೋರ್ಕಿನಲ್ಲಿ ಕಿವುಚುವುದು ಸಾಲದು. ಸಣ್ಣ ಕಣ್ಣಿನ ಜರಡಿಯ ಮೇಲೆ ಹಾಕಿ ಚಮಚದ ಬೆನ್ನಿನಿಂದ ಉಜ್ಜಿ ಇಳಿಸಿ. ಐದು ನಿಮಿಷದ ಬೇಜಾರಿನ ಕೆಲಸ. ಆದರೆ ಕೆಳಗೆ ಬೀಳುವುದು ಹೂವಿನ ಪರಾಗದಂತೆ ಹಗುರ, ಒಂದು ಗಂಟೂ ಇರುವುದಿಲ್ಲ.

ಮೊದಮೊದಲ ದಿನಗಳಲ್ಲಿ ನಾನು ಎಡವಿದ್ದು ಇಲ್ಲೇ. ಬೆಚ್ಚಗಿರುವ ಹಳದಿ ಚೆನ್ನಾಗಿ ಅರೆಯುತ್ತದೆ ಅಂತ ಆರುವ ಮೊದಲೇ ತೆಗೆದು, ಬಿಸಿಯಲ್ಲೇ ಮೇಯೊನೀಸ್ ಸುರಿದೆ. ಎರಡು ನಿಮಿಷ ಚೆನ್ನಾಗಿತ್ತು. ಆಮೇಲೆ ಬಟ್ಟಲಿನ ಅಂಚಿನಲ್ಲಿ ಹೊಳೆಯುವ ಗೆರೆಯೊಂದು ಕಂಡಿತು. ಬೆರಳಿಟ್ಟು ನೋಡಿದರೆ ಬರೀ ಎಣ್ಣೆ. ಮೇಯೊನೀಸ್ ಅಂದರೆ ಹುಳಿ ನೀರಿನಲ್ಲಿ ಸಣ್ಣ ಸಣ್ಣ ಹನಿಯಾಗಿ ಹಿಡಿದಿಟ್ಟ ಎಣ್ಣೆ. ಶಾಖ ತಗಲಿದರೆ ಆ ಹಿಡಿತ ಬಿಡುತ್ತದೆ. ಅವತ್ತು ಕಲಸಿದಷ್ಟೂ ಜಿಡ್ಡು ಹೆಚ್ಚಾಯಿತೇ ಹೊರತು ಹೂರಣ ಕೂಡಿ ಬರಲಿಲ್ಲ. ಅದಕ್ಕೇ ಈಗ ಹಳದಿ ಪೂರ್ತಿ ತಣ್ಣಗಾಗದೆ ಮೇಯೊನೀಸ್ ಡಬ್ಬಿಯ ಮುಚ್ಚಳವನ್ನೇ ತೆಗೆಯುವುದಿಲ್ಲ.

450 ಗ್ರಾಂ ಹಳದಿಗೆ 180 ಗ್ರಾಂ ಮೇಯೊನೀಸ್, ನಾಲ್ಕು ಟೀ ಚಮಚ ಸಾಸಿವೆ ಪೇಸ್ಟ್, ಎರಡು ಟೀ ಚಮಚ ವಿನೆಗರ್. ಮೇಯೊನೀಸನ್ನು ಒಮ್ಮೆಗೇ ಸುರಿಯಬೇಡಿ. ಮುಕ್ಕಾಲು ಪಾಲು ಹಾಕಿ ಕಲಸಿ, ಉಳಿದದ್ದನ್ನು ನೋಡಿಕೊಂಡು ಸೇರಿಸಿ. ಖಾರದ ಪುಡಿಯನ್ನು ಹಸಿಯಾಗಿ ಹಾಕಿದರೆ ಗಂಟಲಿಗೆ ಹತ್ತುತ್ತದೆ, ಮರಳಿನಂತೆಯೂ ಇರುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಬೆಚ್ಚಗೆ ಮಾಡಿ, ಒಲೆ ಆರಿಸಿ, ಒಂದೂವರೆ ಟೀ ಚಮಚ ಖಾರದ ಪುಡಿ ಹಾಕಿ ಹಾಗೇ ಬಿಡಿ. ಆರಿದ ಮೇಲೆ ಆ ಕೆಂಪೆಣ್ಣೆಯನ್ನು ಹೂರಣಕ್ಕೆ ಬೆರೆಸಿ. ಹಸಿ ಈರುಳ್ಳಿ, ಸೌತೆಕಾಯಿಯಂಥದ್ದನ್ನು ನಾನು ಪಾರ್ಟಿಯ ಹೂರಣಕ್ಕೆ ಸೇರಿಸುವುದೇ ಇಲ್ಲ. ಉಪ್ಪು ತಗಲಿದ ಕೂಡಲೇ ಅವು ನೀರು ಬಿಡುತ್ತವೆ, ಬೆಳಿಗ್ಗೆ ಹೊತ್ತಿಗೆ ಹೂರಣ ಗೊಜ್ಜಾಗಿರುತ್ತದೆ.

ಹದ ನೋಡುವುದು ಸುಲಭ. ಒಂದು ಚಮಚ ಹೂರಣ ತೆಗೆದು ಚಮಚವನ್ನು ಬೋರಲು ಹಿಡಿಯಿರಿ. ಒಂದು, ಎರಡು, ಮೂರು ಎಣಿಸುವವರೆಗೆ ಅಂಟಿಕೊಂಡಿದ್ದು ಆಮೇಲೆ ಮೆಲ್ಲಗೆ ಜಾರಿದರೆ ಸರಿ. ಜಾರಲೇ ಇಲ್ಲವೆಂದರೆ ಗಟ್ಟಿ. ಫ್ರಿಜ್‌ನಲ್ಲಿ ಇನ್ನೂ ಬಿಗಿಯಾಗುವುದರಿಂದ ಒಂದು ಚಮಚ ಮೇಯೊನೀಸ್ ಜಾಸ್ತಿ ಬೇಕು. ತಕ್ಷಣ ಬಿತ್ತು ಅಂದರೆ ತೆಳ್ಳಗಾಗಿದೆ, ಇನ್ನೆರಡು ಮೊಟ್ಟೆ ಬೇಯಿಸಿ ಹಳದಿ ಸೇರಿಸುವುದೇ ಮದ್ದು. ಹಿಟ್ಟು, ಬ್ರೆಡ್ ಪುಡಿ ಹಾಕಿ ಗಟ್ಟಿ ಮಾಡುವವರಿದ್ದಾರೆ. ಬಾಯಿಗೆ ಬರೀ ಪೇಸ್ಟ್ ಸಿಗುತ್ತದೆ, ಅಷ್ಟೇ.

ಹೂರಣವನ್ನು ಪೈಪಿಂಗ್ ಬ್ಯಾಗಿಗೆ ತುಂಬಿ, ಗಾಳಿ ಹಿಂಡಿ ಹೊರಗೆ ಕಳಿಸಿ, ತುದಿ ಕಟ್ಟಿ ಫ್ರಿಜ್‌ಗೆ. ಗಾಳಿ ತಾಗದಿದ್ದರೆ ಮೇಲೆ ಒಣ ಪೊರೆ ಕಟ್ಟುವುದಿಲ್ಲ. ಬಿಳಿ ದೋಣಿಗಳನ್ನು ಮುಚ್ಚಳದ ಡಬ್ಬಿಯಲ್ಲಿ, ಹಿಂಡಿದ ಒದ್ದೆ ಟಿಶ್ಯೂ ಹೊದಿಸಿ ಬೋರಲು ಜೋಡಿಸಿ. ಈ ಕೆಲಸವೆಲ್ಲ, ಮೊಟ್ಟೆ ಐಸ್ ನೀರಿನಿಂದ ಹೊರಬಂದ ಎರಡು ಗಂಟೆಯೊಳಗೆ ಮುಗಿಯಬೇಕು. ಫ್ರಿಜ್ 4 ಡಿಗ್ರಿಯಲ್ಲಿದೆಯೋ ಇಲ್ಲವೋ ಥರ್ಮಾಮೀಟರ್ ಇಟ್ಟು ನೋಡಿ. ಬಾಗಿಲಿನ ಖಾನೆಯಲ್ಲಂತೂ ಇಡಬೇಡಿ, ತೆರೆದಾಗಲೆಲ್ಲ ಬಿಸಿ ಗಾಳಿ ಮೊದಲು ತಾಗುವುದು ಅಲ್ಲಿಗೇ.

ಹೂರಣ ಕೆಟ್ಟರೆ ಜನ ಸಾಮಾನ್ಯವಾಗಿ ಮೇಯೊನೀಸ್ ಮೇಲೆ ತಪ್ಪು ಹಾಕುತ್ತಾರೆ. ಅಂಗಡಿಯ ಮೇಯೊನೀಸ್ ಸಾಕಷ್ಟು ಹುಳಿ ಇರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಹಳದಿಗೆ ಬೆರೆತಾಗ ಆ ಹುಳಿ ತೆಳುವಾಗುತ್ತದೆ, ಕಾವಲು ಹೋಗುತ್ತದೆ. ಎರಡು ಚಮಚ ವಿನೆಗರ್ ರುಚಿಗೆ ಮಾತ್ರ, ಅದನ್ನು ನಂಬಿಕೊಂಡು ತಟ್ಟೆ ಹೊರಗಿಡಬೇಡಿ. ಹಸಿ ಮೊಟ್ಟೆಯಿಂದ ಮನೆಯಲ್ಲಿ ಮಾಡಿದ ಮೇಯೊನೀಸ್ ಮಾತ್ರ ಪಾರ್ಟಿಗೆ ಬೇಡವೇ ಬೇಡ. ಗಟ್ಟಿಯಾಗಿ ಬೇಯಿಸಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಕೊಂದಿರುತ್ತೀರಿ, ಮತ್ತೆ ನೀವೇ ಯಾಕೆ ಕರೆಯುತ್ತೀರಿ?

ಇನ್ನೊಂದು ಅಪಾಯ ನಮ್ಮ ಕೈಗಳದ್ದೇ. ಮೂಗಿನಲ್ಲಿ, ಚರ್ಮದ ಮೇಲೆ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಜನರಲ್ಲಿ ಸುಮ್ನೆ ಇರುತ್ತದೆ. ಬೆಂದ ಮೊಟ್ಟೆಯನ್ನು ಸುಲಿಯುವುದು, ಸೀಳುವುದು, ತುಂಬುವುದು ಎಲ್ಲ ಕೈಕೆಲಸ. ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಇಟ್ಟರೆ ಅದು ಬೆಳೆದು ವಿಷ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಬಿಸಿ ಮಾಡಿದರೂ ಹೋಗುವುದಿಲ್ಲ. ಕೈ ತೊಳೆದು, ಬೆರಳಿಗೆ ಗಾಯವಿದ್ದರೆ ಪಟ್ಟಿ ಸುತ್ತಿ ಕೈಗವಸು ಹಾಕಿಯೇ ಇಳಿಯಿರಿ.

ಶನಿವಾರ ಆರೂವರೆಗೆ ತುಂಬಲು ಶುರು. ತಣ್ಣಗಾದ ಮೇಲೆ ಉಪ್ಪು ಖಾರ ನಾಲಿಗೆಗೆ ಮಂಕಾಗಿ ತಿಳಿಯುತ್ತವೆ, ಹಾಗಾಗಿ ರುಚಿ ನೋಡಬೇಕಾದದ್ದು ಈಗ. ಉಪ್ಪು ಬೇಕೆನಿಸಿದರೆ ತುಂಬಿದ ಮೇಲೆ, ಹೂರಣದ ಮೇಲಷ್ಟೇ ಚಿಟಿಕೆ. ಬಿಳಿಗೆ ಉಪ್ಪು ಬಿದ್ದರೆ ಬೆವರುತ್ತದೆ. ದೋಣಿಗಳನ್ನು ಮತ್ತೆ ಒರೆಸಿ, ತಳದಲ್ಲಿ ತೆಳ್ಳನೆಯ ಒಂದು ಚೂರು ಕತ್ತರಿಸಿ. ತಟ್ಟೆಯ ಮೇಲೆ ಜಾರದೆ ಕೂರುತ್ತವೆ.

48 ಅರ್ಧಗಳನ್ನು ಒಂದೇ ದೊಡ್ಡ ತಟ್ಟೆಗೆ ಜೋಡಿಸುವ ಆಸೆ ಬಿಡಿ. ಹದಿನಾರರ ಮೂರು ತಟ್ಟೆ ಮಾಡಿ. ಒಂದು ಮೇಜಿಗೆ, ಎರಡು ಫ್ರಿಜ್‌ಗೆ. ಹೊರಗೆ ಹೋಗುವ ತಟ್ಟೆಯ ಅಡಿಗೆ ನಾನು ಪೇಪರ್ ಟೇಪಿನ ತುಂಡು ಅಂಟಿಸಿ ಸಮಯ ಬರೆಯುತ್ತೇನೆ: 7.10. ಎರಡು ಗಂಟೆ ಅದರ ಆಯಸ್ಸು. ಬಿಸಿಲು, ಸೆಕೆ, 32 ಡಿಗ್ರಿ ದಾಟಿದ ಬಯಲು ಜಾಗವಾದರೆ ಒಂದೇ ಗಂಟೆ. ತಟ್ಟೆಯಡಿ ಐಸ್ ಹಾಸುವುದು ಒಳ್ಳೆಯದೇ. ಆದರೆ ತಂಪು ತಾಗುವುದು ತಳಕ್ಕೆ, ಹೂರಣ ಇರುವುದು ಮೇಲೆ. ಐಸ್ ಇದೆ ಅಂತ ಗಡಿಯಾರ ಮರೆಯುವಂತಿಲ್ಲ. ಅರ್ಧ ಖಾಲಿಯಾದ ತಟ್ಟೆಗೆ ಹೊಸದನ್ನು ಸೇರಿಸಲೂಬೇಡಿ, ಯಾವುದು ಎಷ್ಟು ಹೊತ್ತಿನದು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಇಂಥದ್ದೇ ಒಂದು ರಾತ್ರಿ, ಹತ್ತು ಗಂಟೆಗೆ ಮೊದಲ ತಟ್ಟೆಯಲ್ಲಿ ಐದು ಉಳಿದಿದ್ದವು. ಕಸಕ್ಕೆ ಹಾಕುತ್ತಿದ್ದಾಗ ಮನೆಯೊಡತಿ ಬಂದರು. "ಅಯ್ಯೋ, ಚೆನ್ನಾಗೇ ಇದೆಯಲ್ರೀ, ವಾಸನೆ ಕೂಡ ಬರ್ತಿಲ್ಲ," ಅಂತ ಒಂದನ್ನು ಮೂಗಿನ ಹತ್ತಿರ ಹಿಡಿದರು. ತಟ್ಟೆ ಮಗುಚಿ ಟೇಪು ತೋರಿಸಿದೆ. "ಹೊರಗೆ ಬಂದು ಮೂರು ಗಂಟೆ ಆಯ್ತು ಮೇಡಂ. ವಾಸನೆ ಬರೋದಿಲ್ಲ ಅನ್ನೋದೇ ತೊಂದರೆ." ಅವರು ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬುಟ್ಟಿಗೆ ಹಾಕಿದರು. ಮೂರನೇ ತಟ್ಟೆ ಫ್ರಿಜ್‌ನಿಂದ ಹೊರಗೆ ಬಂದೇ ಇರಲಿಲ್ಲ. ಹದಿನಾರನ್ನೂ ಡಬ್ಬಿಗೆ ಜೋಡಿಸಿ, ಮುಚ್ಚಳದ ಮೇಲೆ "ಸೋಮವಾರದೊಳಗೆ" ಅಂತ ಬರೆದು ಅವರ ಕೈಗೆ ಕೊಟ್ಟೆ.