ಸೇಫ್ ಏರಿಯಾ ಎಂಬ ನಡುಪಟ್ಟಿ

ಕುಂಬಳೆಯ ಒಂದು ಯಕ್ಷಗಾನ ಯೂಟ್ಯೂಬ್ ಚಾನೆಲ್‌ಗೆ, ಪುಟದ ಮೇಲೆ ಕಾಣುವ ಬ್ಯಾನರ್ ಮಾಡಿದ ಹುಡುಗರು ಮೊನ್ನೆ ನನಗೆ ಚಿತ್ರ ಕಳಿಸಿದ್ದರು. ಎಐಗೆ ಕೊಟ್ಟ ಪ್ರಾಂಪ್ಟ್‌ನ ಕೊನೆಯಲ್ಲಿ ‘ಎಲ್ಲವೂ ಸೇಫ್ ಏರಿಯಾದೊಳಗೆ ಇರಲಿ’ ಎಂದು ಬರೆದಿದ್ದರು. ಬಂದ ಚಿತ್ರದಲ್ಲಿ ರಾಜವೇಷವೊಂದು ಕಿರೀಟದಿಂದ ಗೆಜ್ಜೆಯವರೆಗೆ ನಿಂತಿತ್ತು. ನಾಲ್ಕೂ ಕಡೆ ಎರಡು ಬೆರಳು ಜಾಗ ಬಿಟ್ಟಿತ್ತು. ಟಿವಿಯಲ್ಲಿ ಚೆಂದ ಕಂಡಿತು. ಫೋನ್‌ನಲ್ಲಿ ತೆರೆದರೆ ಬರೀ ಸೊಂಟದ ಡಾಬು! ಮುಖವೂ ಇಲ್ಲ, ಕಿರೀಟವೂ ಇಲ್ಲ.

‘ಅಂಚು ಬಿಟ್ಟಿದ್ದೇವಲ್ಲ ಅಣ್ಣ’ ಎಂದರು. ಇದೇ ಮಾತನ್ನು ಎಷ್ಟು ಸಲ ಕೇಳುವುದು? ಸೇಫ್ ಏರಿಯಾ ಅಂದರೆ ಅಂಚು ಬಿಡುವುದು ಎಂಬ ಅರ್ಥ ಬಂದದ್ದು ಹಳೇ ಟಿವಿಯಿಂದ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚು ಟಿವಿಯ ಚೌಕಟ್ಟಿನ ಹಿಂದೆ ಸ್ವಲ್ಪ ಮರೆಯಾಗುತ್ತಿತ್ತು. ಎಷ್ಟು ಮರೆಯಾಗುತ್ತದೆ ಎಂಬುದು ಸೆಟ್ಟಿನಿಂದ ಸೆಟ್ಟಿಗೆ ಬೇರೆ. ಹಾಗಾಗಿ ಸ್ಟುಡಿಯೋದವರು ಎರಡು ಗೆರೆ ಇಟ್ಟುಕೊಂಡಿದ್ದರು. ಮುಖ್ಯ ಚಲನೆ ಚಿತ್ರದ ಅಗಲದಲ್ಲೂ ಎತ್ತರದಲ್ಲೂ ನಡುವಿನ ಶೇ. 90ರೊಳಗೆ, ಅಕ್ಷರ ಶೇ. 80ರೊಳಗೆ. ಮೊದಲನೆಯದು ಆ್ಯಕ್ಷನ್ ಸೇಫ್, ಎರಡನೆಯದು ಟೈಟಲ್ ಸೇಫ್. ಅಲ್ಲಿ ‘ಅಂಚು ಬಿಡು’ ಎಂದರೆ ಸಾಕಿತ್ತು, ಯಾಕೆಂದರೆ ಕಳೆದುಹೋಗುತ್ತಿದ್ದದ್ದು ಅಂಚು ಮಾತ್ರ.

ಯೂಟ್ಯೂಬ್ ಬ್ಯಾನರ್‌ನಲ್ಲಿ ಲೆಕ್ಕ ತಿರುಗಿಬಿದ್ದಿದೆ. ಒಂದೇ ಚಿತ್ರ ಮೂರು ಆಕಾರದಲ್ಲಿ ಕಾಣಬೇಕು. 2560 x 1440 ಪಿಕ್ಸೆಲ್‌ನ ಚಿತ್ರ ಹಾಕಿದರೆ ಟಿವಿ ಅಷ್ಟನ್ನೂ ತೋರಿಸುತ್ತದೆ. ಕಂಪ್ಯೂಟರ್ ನಡುವಿನ ಉದ್ದ ಪಟ್ಟಿಯನ್ನು ತೋರಿಸುತ್ತದೆ. ಫೋನ್‌ಗೆ ಉಳಿಯುವುದು ಸುಮಾರು 1546 x 423. ಎಲ್ಲ ಪರದೆಯಲ್ಲೂ ಕಾಣುವ ಈ ನಡುಭಾಗವೇ ಇಲ್ಲಿನ ಸೇಫ್ ಏರಿಯಾ. ಅಂದರೆ ಇಡೀ ಚಿತ್ರದ ಐದನೇ ಒಂದು ಪಾಲೂ ಇಲ್ಲ. ನೆನಪಿಡಲು ಒಂದು ಸುಲಭ ದಾರಿ ಇದೆ: ಮೇಲೆ, ಕೆಳಗೆ, ಎಡ, ಬಲ, ಎಲ್ಲ ಕಡೆಯೂ ಹೆಚ್ಚುಕಡಿಮೆ 508 ಪಿಕ್ಸೆಲ್ ಹೋಗುತ್ತದೆ. ಅಗಲಕ್ಕೆ ಅದು ತಡೆಯುತ್ತದೆ. ಎತ್ತರಕ್ಕೆ ತಡೆಯುವುದಿಲ್ಲ, 1440ರಲ್ಲಿ 423 ಮಾತ್ರ ಉಳಿಯುತ್ತದೆ. ನಿಂತ ವೇಷ ಸೊಂಟವಾದದ್ದು ಹೀಗೆ. ‘ಸುರಕ್ಷಿತ ಪ್ರದೇಶ’ ಎಂಬ ಅನುವಾದವೂ ನನಗೆ ಹಿಡಿಸುವುದಿಲ್ಲ, ಅದನ್ನು ಕೇಳಿದರೆ ಏನೋ ದೊಡ್ಡ ಬಯಲಿನ ಹಾಗೆ ಅನಿಸುತ್ತದೆ. ‘ನಡುಪಟ್ಟಿ’ ಎನ್ನಿ, ಕಣ್ಣಿಗೆ ಕಟ್ಟುತ್ತದೆ.

ಇನ್ನು ಪ್ರಾಂಪ್ಟ್. ಚಿತ್ರ ಬರೆಯುವ ಎಐ ಸ್ಕೇಲ್ ಹಿಡಿದು ಅಳೆಯುವುದಿಲ್ಲ. ‘1546 x 423 ಒಳಗೆ ಇಡು’ ಎಂದರೆ ಅದಕ್ಕೆ ಹತ್ತುವುದು ಕಡಿಮೆ. ಕೆಲವೊಮ್ಮೆ ಒಂದು ಚೌಕವನ್ನೇ ಬರೆದು ಕೊಡುತ್ತದೆ. ಅದಕ್ಕೆ ಅರ್ಥವಾಗುವುದು ನೋಟದ ಮಾತು: ಎಷ್ಟು ದೂರದಿಂದ, ನಡುವೆ ಏನು, ಮೇಲೆ ಕೆಳಗೆ ಏನು. ಆ ಹುಡುಗರಿಗೆ ನಾನು ಮೊದಲು ಹೇಳಿದ್ದು, ನಿಂತ ವೇಷ ಬಿಡಿ, ಅಡ್ಡಕ್ಕೆ ಹರಡುವ ವಸ್ತು ಹಿಡಿಯಿರಿ ಎಂದು. ಹಿಮ್ಮೇಳ ಇದೆ ಅಲ್ವಾ? ಬೇಕಲದ ಕಡೆಯ ಕಡಲತೀರವೂ ಅಡ್ಡಕ್ಕೇ ಹರಡಿದೆ. ಹೀಗೆ ಬರೆದೆವು:

```
16:9 ಅಗಲದ ಚಿತ್ರ, ದೂರದ ನೋಟ, ಸಂಜೆಯ ಕಡಲತೀರ.
ನಡು ಎತ್ತರದಲ್ಲಿ, ನಡುವಿನಿಂದ ತುಸು ಬಲಕ್ಕೆ, ಚೆಂಡೆ,
ಮದ್ದಳೆ, ಜಾಗಟೆ ಒಂದೇ ಸಾಲಿನಲ್ಲಿ. ಅವುಗಳ ಎತ್ತರ
ಚಿತ್ರದ ಕಾಲು ಭಾಗಕ್ಕಿಂತ ಕಡಿಮೆ.
ಮೇಲಿನ ಮೂರನೇ ಒಂದು ಭಾಗ ಬರೀ ಆಕಾಶ,
ಕೆಳಗಿನ ಮೂರನೇ ಒಂದು ಭಾಗ ಬರೀ ಮರಳು.
ಅಕ್ಷರ, ಲೋಗೋ, ಚೌಕಟ್ಟು ಬೇಡ.
```

‘ಕಾಲು ಭಾಗ’ ಯಾಕೆಂದರೆ 1440ರ ಕಾಲು 360, ಅದು 423ರೊಳಗೆ ಆರಾಮಾಗಿ ಕೂರುತ್ತದೆ. ಎಡಗಡೆ ಖಾಲಿ ಬಿಟ್ಟದ್ದು ಚಾನೆಲ್ ಹೆಸರಿಗೆ. ಹೆಸರನ್ನು ಎಐ ಕೈಯಲ್ಲಿ ಬರೆಸಬೇಡಿ, ಒತ್ತಕ್ಷರ ಕೆಡಬಹುದು. ಆಮೇಲೆ ನೀವೇ ಕೂರಿಸಿ, ನಡುಪಟ್ಟಿಯೊಳಗೆ. ಚೌಕಟ್ಟು ಬೇಡ ಎಂದದ್ದಕ್ಕೂ ಕಾರಣ ಇದೆ. ಅದು ಸುತ್ತಲೂ ಪೂರ್ತಿ ಕಾಣುವುದು ಟಿವಿಯಲ್ಲಿ ಮಾತ್ರ.

ಮೊದಲ ಸಲ ಬಂದ ಚಿತ್ರದಲ್ಲಿ ಆಕಾಶದ ತುಂಬ ದೊಡ್ಡ ಚಂದ್ರ. ಫೋನ್‌ನಲ್ಲಿ ಅದು ಕಾಣುವುದೇ ಇಲ್ಲ, ಆದರೆ ಟಿವಿಯಲ್ಲಿ ಚೆಂಡೆಗಿಂತ ಚಂದ್ರನೇ ಜಾಸ್ತಿ. ‘ಚಂದ್ರ, ಹಕ್ಕಿ ಬೇಡ’ ಎಂದು ಸೇರಿಸಿದ ಮೇಲೆ ಸರಿಹೋಯಿತು. ಮದ್ದಳೆ ಮಾತ್ರ ಸ್ವಲ್ಪ ಕೆಳಗೆ ಜಾರಿತ್ತು. ಅದಕ್ಕೆ ಮತ್ತೆ ಪ್ರಾಂಪ್ಟ್ ತಿದ್ದುತ್ತಾ ಕೂರಲಿಲ್ಲ, ಎಡಿಟರ್‌ನಲ್ಲಿ ಚಿತ್ರವನ್ನೇ ಸ್ವಲ್ಪ ದೊಡ್ಡದು ಮಾಡಿ ಮೇಲಕ್ಕೆ ಸರಿಸಿದೆವು. ಚಿತ್ರ 2048 x 1152ಕ್ಕಿಂತ ಸಣ್ಣದಿದ್ದರೆ ಯೂಟ್ಯೂಬ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲೇ 2560 x 1440ಕ್ಕೆ ಹಿಗ್ಗಿಸಿದ್ದೆವು. ಕೊನೆಗೆ ಒಂದು ಪ್ರತಿ ತೆಗೆದು ನಾಲ್ಕೂ ಕಡೆ 508 ಕತ್ತರಿಸಿ ನೋಡಿದೆವು. ಹೆಸರು, ಚೆಂಡೆ, ಮದ್ದಳೆ, ಜಾಗಟೆ, ನಾಲ್ಕೂ ಉಳಿದಿದ್ದವು.