ಎಚ್‌ಎಸ್‌ಜಿ ರಿಪೋರ್ಟಲ್ಲಿ 'ಬ್ಲಾಕ್' ಅಂತ ಬಂದ್ರೆ

ಮದ್ವೆಯಾಗಿ ನಾಲ್ಕು ವರ್ಷ ಆದ ದಂಪತಿ ಬಂದಿದ್ರು. ಗಂಡನ ವೀರ್ಯ ಪರೀಕ್ಷೆ ನಾರ್ಮಲ್, ಆದ್ರೆ ಆಕೆಯ ಹಳೇ ಎಚ್‌ಎಸ್‌ಜಿ ರಿಪೋರ್ಟಲ್ಲಿ 'ಎರಡೂ ಟ್ಯೂಬ್ ಬ್ಲಾಕ್' ಅಂತ ಒಂದೇ ಸಾಲು. ಎಚ್‌ಎಸ್‌ಜಿ ಅಂದ್ರೆ ಗರ್ಭಕೋಶಕ್ಕೆ ಡೈ ಬಿಟ್ಟು, ಅಂಡ ಬರೋ ಎರಡು ಟ್ಯೂಬ್ ತೆರೆದಿವೆಯಾ ಅಂತ ಎಕ್ಸ್‌ರೇಯಲ್ಲಿ ನೋಡೋ ಪರೀಕ್ಷೆ. ಫಿಲ್ಮ್ ಕೇಳಿದ್ರೆ ಒಂದೇ ಒಂದು ಚಿತ್ರ. ಅದ್ರಲ್ಲಿ ಬಲಗಡೆ ಡೈ ಗರ್ಭಕೋಶದ ಮೂಲೆಯಲ್ಲೇ ನಿಂತಿತ್ತು, ಎಡಗಡೆ ಏನೋ ದಪ್ಪಗೆ ಕಾಣ್ತಿತ್ತು. ಇಷ್ಟರ ಮೇಲೆ ಹೇಗೆ ತೀರ್ಮಾನ ಮಾಡೋದು? ಇನ್ನೊಂದ್ಸಲ ಮಾಡೋಣ ಅಂದೆ.

"ಮತ್ತೆ ಅಷ್ಟೇ ನೋವಾಗುತ್ತಾ ಡಾಕ್ಟ್ರೇ?" ಅಂದ್ರು. ಹಿಂದಿನ ಸಲ ಡೈಯನ್ನ ಜೋರಾಗಿ ಒತ್ತಿ ಬಿಟ್ಟಿದ್ರಂತೆ. ಅಲ್ಲೇ ನನಗೆ ಅನುಮಾನ ಬಂತು.

ಮುಂದಿನ ಮುಟ್ಟು ಶುರುವಾದ ಎಂಟನೇ ದಿನ, ರಕ್ತ ಹೋಗೋದು ನಿಂತ್ಮೇಲೆ ಕರೆಸಿದ್ವಿ, ಯಾಕಂದ್ರೆ ಅಂಡ ಬಿಡುಗಡೆ ಆಗೋಕೆ ಮುಂಚೆ ಮಾಡಿದ್ರೆ ಗರ್ಭ ನಿಂತಿರೋ ಭಯ ಇರಲ್ಲ. ಒಂದು ಗಂಟೆ ಮುಂಚೆ ನೋವಿನ ಮಾತ್ರೆ ಕೊಟ್ಟು, ಗರ್ಭಕೋಶದ ಬಾಯಿಯಿಂದ ಸಣ್ಣ ಬಲೂನ್ ಕ್ಯಾಥೆಟರ್ ಹಾಕಿ, ಅಯೋಡಿನ್ ಇರೋ ಡೈಯನ್ನ ನಿಧಾನಕ್ಕೆ ಬಿಡ್ತಾ ಸ್ಕ್ರೀನಲ್ಲಿ ನೋಡ್ತಾ ಹೋದೆ. ಒಟ್ಟು ಹತ್ತು ಎಂಎಲ್ ಕೂಡ ಬೇಕಾಗಲಿಲ್ಲ.

ಮೊದಲು ಗರ್ಭಕೋಶ ತುಂಬಿ ತಲೆಕೆಳಗಾದ ತ್ರಿಕೋನದ ಥರ ಕಾಣುತ್ತೆ. ಅದರ ಮೇಲಿನ ಎರಡು ಮೂಲೆಯಿಂದ ದಾರದ ಎಳೆಯಷ್ಟು ಸಣ್ಣ ಗೆರೆ ಹೊರಟು, ಹೋಗ್ತಾ ಹೋಗ್ತಾ ಸ್ವಲ್ಪ ಅಗಲ ಆಗುತ್ತೆ, ತುದಿ ತೆರೆದಿದ್ರೆ ಡೈ ಹೊಟ್ಟೆಯೊಳಗೆ ಚೆಲ್ಲಿ ಕರುಳಿನ ಸುತ್ತ ಹೊಗೆ ಥರ ಹರಡುತ್ತೆ. ನಾವು ಕಾಯೋದೇ ಆ ಹೊಗೆಗೆ.

ಆಕೆಗೆ ಬಲಗಡೆ ಈ ಸಲನೂ ಡೈ ಮೂಲೆಯಲ್ಲೇ ನಿಂತ್ಬಿಡ್ತು. ಒತ್ತಲಿಲ್ಲ. ಟ್ಯೂಬ್ ಶುರುವಾಗೋ ಜಾಗದ ಮಾಂಸಖಂಡ ನೋವಿಗೆ, ಹೆದರಿಕೆಗೆ ಬಿಗಿದುಕೊಳ್ಳುತ್ತೆ, ಅದನ್ನ ಸ್ಪಾಸಂ ಅಂತೀವಿ, ಫಿಲ್ಮಲ್ಲಿ ಅಸಲಿ ಬ್ಲಾಕ್ ಥರಾನೇ ಕಾಣುತ್ತೆ. ಬಿಗಿತ ಸಡಿಲಿಸೋ ಇಂಜೆಕ್ಷನ್ ಕೊಟ್ಟು ಕೆಲವು ನಿಮಿಷ ಸುಮ್ನೆ ಮಾತಾಡಿಸ್ತಾ ಕೂತ್ವಿ. ಆಮೇಲೆ ಸ್ವಲ್ಪ ಬಿಟ್ಟಿದ್ದೇ ತಡ, ಎಳೆ ಹೊರಟು ತುದಿಯಿಂದ ಚೆಲ್ಲೇಬಿಡ್ತು.

ಎಡಗಡೆದು ಮಾತ್ರ ನಿಜವಾದ ತೊಂದ್ರೆ. ಡೈ ಒಳಗೆ ಹೋಯ್ತು, ಆದ್ರೆ ತುದಿ ಮುಚ್ಚಿಕೊಂಡಿದ್ರಿಂದ ಟ್ಯೂಬ್ ಬಜ್ಜಿ ಮೆಣಸಿನಕಾಯಿ ಥರ ಊದಿಕೊಂಡ್ತು, ಹೊರಗೆ ಒಂದು ಹನಿನೂ ಚೆಲ್ಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಫಿಲ್ಮ್ ತೆಗೆದ್ರೆ ಡೈ ಅಲ್ಲೇ ಮಡುಗಟ್ಟಿ ನಿಂತಿದೆ. ಇದು ಹೈಡ್ರೋಸಾಲ್ಪಿಂಕ್ಸ್, ಸಾಮಾನ್ಯವಾಗಿ ಹಳೇ ಸೋಂಕಿನ ಗುರುತು. ಹೀಗೆ ಊದಿರೋ ಟ್ಯೂಬಲ್ಲಿ ಪರೀಕ್ಷೆ ಆದ್ಮೇಲೆ ಮತ್ತೆ ಸೋಂಕಾಗೋ ಸಾಧ್ಯತೆ ಇರೋದ್ರಿಂದ ಆಂಟಿಬಯಾಟಿಕ್ ಕೊಟ್ಟೇ ಕಳಿಸಿದ್ದು. ನಮ್ಮ ಕಡೆ ಟಿಬಿಯನ್ನೂ ಮರೆಯೋ ಹಾಗಿಲ್ಲ, ಅದ್ರಲ್ಲಿ ಟ್ಯೂಬ್ ಕೆಲವೊಮ್ಮೆ ಮಣಿ ಪೋಣಿಸಿದ ಹಾಗೆ ಗಂಟುಗಂಟಾಗಿ ಕಾಣುತ್ತೆ. ಈಕೆಗೆ ಹಾಗಿರಲಿಲ್ಲ, ಆದ್ರೂ ಗೈನಕಾಲಜಿಸ್ಟ್‌ಗೆ ಒಂದ್ಮಾತು ಬರೆದೆ.

"ಒಂದು ತೆರೆದಿದೆಯಲ್ಲ, ಸಾಕಲ್ವಾ ಸರ್?" ಅಂದ್ರು ಗಂಡ. ಸಾಕಾಗ್ಬಹುದು, ಆದ್ರೆ ಊದಿದ ಟ್ಯೂಬಲ್ಲಿ ನಿಂತ ನೀರು ಗರ್ಭಕೋಶಕ್ಕೆ ವಾಪಸ್ ಹರಿದು ಭ್ರೂಣ ಕೂರೋದಕ್ಕೆ ಅಡ್ಡಿ ಮಾಡುತ್ತೆ, ಐವಿಎಫ್‌ಗೆ ಹೋಗೋದಾದ್ರೂ ಮೊದಲು ಆ ಟ್ಯೂಬನ್ನ ತೆಗೀತಾರೆ ಇಲ್ಲಾ ಕ್ಲಿಪ್ ಹಾಕ್ತಾರೆ. ಅದಕ್ಕೆ ಈಗ ಲ್ಯಾಪರೋಸ್ಕೋಪಿಗೆ ಡೇಟ್ ತಗೊಂಡಿದ್ದಾರೆ. ಅಲ್ಲಿ ನೀಲಿ ಡೈ ಬಿಟ್ಟು ಬಲಗಡೆದನ್ನೂ ಕಣ್ಣಾರೆ ನೋಡ್ತಾರೆ, ಯಾಕಂದ್ರೆ ಟ್ಯೂಬಿನ ಹೊರಗಡೆ ಅಂಟಿಕೊಂಡಿರೋದು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಗೊತ್ತೇ ಆಗಲ್ಲ.