ಐಎನ್‌ಆರ್ ಬೇಡದ ಮಾತ್ರೆಗೂ ರಕ್ತದ ಮಟ್ಟ ನೋಡಬೇಕಾಗುವ ಹೊತ್ತು

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಬಿಟ್ಟು ಹೊಸ ಮಾತ್ರೆಗೆ ಬಂದವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ. "ಮೊದಲು ತಿಂಗಳಿಗೊಮ್ಮೆ ಐಎನ್‌ಆರ್ ಮಾಡಿಸುತ್ತಿದ್ದೆ. ಈಗ ಏನೂ ಬೇಡ ಅಂತಾರೆ. ಮಾತ್ರೆ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ?" ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಅಂಕಿ. ತುಂಬಾ ನ್ಯಾಯವಾದ ಪ್ರಶ್ನೆ ಇದು. "ಹೊಸ ಔಷಧ, ಪರೀಕ್ಷೆ ಬೇಡ" ಎಂದಷ್ಟೇ ಹೇಳಿ ಕಳಿಸಿದರೆ ಸಾಲದು.

ಮೊದಲು ವಾರ್ಫರಿನ್‌ಗೆ ಯಾಕೆ ಅಷ್ಟು ಪರೀಕ್ಷೆ ಅಂತ ನೋಡೋಣ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ತಯಾರಿಸುತ್ತದೆ, ಅದಕ್ಕೆ ವಿಟಮಿನ್ ಕೆ ಬೇಕು. ವಾರ್ಫರಿನ್ ಆ ವಿಟಮಿನ್ ಮತ್ತೆ ಬಳಕೆಗೆ ಬಾರದಂತೆ ತಡೆಯುತ್ತದೆ. ಅಂದರೆ ಅದು ರಕ್ತದಲ್ಲಿ ಈಗಾಗಲೇ ಓಡಾಡುತ್ತಿರುವ ಪ್ರೋಟೀನುಗಳನ್ನು ಮುಟ್ಟುವುದಿಲ್ಲ, ಅವು ತಾವಾಗಿ ಖಾಲಿಯಾಗಬೇಕು. ಇವುಗಳಲ್ಲಿ ಏಳನೇ ಅಂಶ ಅನ್ನುವುದು ಸುಮಾರು ಆರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಪ್ರೋಥ್ರಾಂಬಿನ್ ಅನ್ನುವುದಕ್ಕೆ ಎರಡು ದಿನಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಇವತ್ತು ನುಂಗಿದ ಮಾತ್ರೆಯ ಪೂರ್ತಿ ಫಲ ಕಾಣುವುದು ಹಲವು ದಿನಗಳ ಮೇಲೆ. ಅದರ ಮೇಲೆ ಒಬ್ಬರಿಗೆ ದಿನಕ್ಕೆ 2 ಮಿಲಿಗ್ರಾಂ ಸಾಕಾದರೆ ಇನ್ನೊಬ್ಬರಿಗೆ 10 ಬೇಕಾಗಬಹುದು, ಯಾಕೆಂದರೆ ವಂಶವಾಹಿ, ತಿನ್ನುವ ಸೊಪ್ಪು, ನಡುವೆ ತೆಗೆದುಕೊಂಡ ಆಂಟಿಬಯಾಟಿಕ್ ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ. ಅದಕ್ಕೇ ಪ್ರತಿ ಬಾರಿ ಐಎನ್‌ಆರ್ ನೋಡಿ, ಬಹುತೇಕರಲ್ಲಿ ಅದು 2ರಿಂದ 3ರ ಒಳಗೆ ಇರುವಂತೆ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ.

ಹೊಸ ಮಾತ್ರೆಗಳಿಗೆ ಈ ಸುತ್ತುಬಳಸು ಇಲ್ಲ. ಡಬಿಗಾಟ್ರಾನ್ ಸೀದಾ ಹೋಗಿ ಹೆಪ್ಪು ಕಟ್ಟಿಸುವ ಥ್ರಾಂಬಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಪಿಕ್ಸಾಬಾನ್, ರಿವರಾಕ್ಸಾಬಾನ್, ಎಡಾಕ್ಸಾಬಾನ್ ಹತ್ತನೇ ಅಂಶವನ್ನು ಹಿಡಿಯುತ್ತವೆ. ಎರಡು ಮೂರು ಗಂಟೆಯಲ್ಲಿ ಔಷಧ ರಕ್ತದಲ್ಲಿ ತುದಿ ಮುಟ್ಟುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಸುಮಾರು ಅರ್ಧ ದಿನಕ್ಕೆ ಅರ್ಧಕ್ಕಿಳಿಯುತ್ತದೆ.

ಹಾಗಂತ ಎಲ್ಲರ ರಕ್ತದಲ್ಲೂ ಒಂದೇ ಮಟ್ಟ ಇರುತ್ತದೆ ಅಂದುಕೊಳ್ಳಬೇಡಿ. ಅಪಿಕ್ಸಾಬಾನ್ 5 ಮಿಲಿಗ್ರಾಂ ದಿನಕ್ಕೆರಡು ಬಾರಿ ತೆಗೆದುಕೊಳ್ಳುವವರಲ್ಲಿ, ಮುಂದಿನ ಮಾತ್ರೆಗೆ ಸ್ವಲ್ಪ ಮೊದಲು ನೋಡಿದರೆ ಒಬ್ಬರಲ್ಲಿ ಮಿಲಿಲೀಟರಿಗೆ 40 ನ್ಯಾನೋಗ್ರಾಂ, ಇನ್ನೊಬ್ಬರಲ್ಲಿ 230 ಇರಬಹುದು. ಐದಾರು ಪಟ್ಟು ವ್ಯತ್ಯಾಸ! ಆದರೂ ಅಳೆಯುವುದಿಲ್ಲ ಯಾಕೆ? 2009ರಿಂದ 2013ರ ನಡುವೆ ಪ್ರಕಟವಾದ ನಾಲ್ಕು ದೊಡ್ಡ ಪ್ರಯೋಗಗಳಲ್ಲಿ, ಹೃದಯದ ಬಡಿತ ತಾಳ ತಪ್ಪಿದ 70 ಸಾವಿರಕ್ಕೂ ಹೆಚ್ಚು ಜನ ಇದ್ದರು. ಅವರಲ್ಲಿ ಹೊಸ ಮಾತ್ರೆ ಸಿಕ್ಕವರಿಗೆ ಮೊದಲೇ ಗೊತ್ತುಮಾಡಿದ ಡೋಸ್ ಕೊಟ್ಟರು, ಮೂರು ಪ್ರಯೋಗಗಳಲ್ಲಿ ವಯಸ್ಸು, ತೂಕ, ಕಿಡ್ನಿಯಂಥ ಸಂಗತಿ ನೋಡಿ ಅದನ್ನು ಕಡಿಮೆ ಮಾಡಿದರೇ ಹೊರತು, ರಕ್ತದ ಮಟ್ಟ ನೋಡಿ ಏರಿಸುತ್ತಾ ಇಳಿಸುತ್ತಾ ಹೋಗಲಿಲ್ಲ. ಹಾಗೆ ಕೊಟ್ಟೇ ಪಾರ್ಶ್ವವಾಯು ತಡೆಯುವುದರಲ್ಲಿ ವಾರ್ಫರಿನ್‌ಗೆ ಸರಿಸಮ ಅಥವಾ ಮೇಲು ಎನಿಸಿದವು, ತಲೆಬುರುಡೆಯೊಳಗಿನ ರಕ್ತಸ್ರಾವ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಐಎನ್‌ಆರ್‌ಗೆ 2ರಿಂದ 3 ಅಂತ ಇರುವ ಹಾಗೆ ಇವಕ್ಕೆ "ಇಷ್ಟೇ ಇರಬೇಕು" ಎಂಬ ಗುರಿ ಇಲ್ಲ. ಸುಮ್ನೆ ಅಳೆದು 90 ಬಂದರೆ ಅದನ್ನಿಟ್ಟುಕೊಂಡು ಏನು ಮಾಡುವುದು?

ಮಟ್ಟ ನೋಡಿ ಡೋಸ್ ಸರಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಲೋಹದ ಹೃದಯ ಕವಾಟ ಹಾಕಿಸಿಕೊಂಡವರಿಗೆ ಡಬಿಗಾಟ್ರಾನ್ ಕೊಟ್ಟು, ಮಟ್ಟ 50ಕ್ಕಿಂತ ಕೆಳಗೆ ಇಳಿಯದಂತೆ ಡೋಸ್ ಹೊಂದಿಸಿ ನೋಡಿದರು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು, 2013ರಲ್ಲಿ ವರದಿ ಬಂತು. ಅಂಥ ಕವಾಟ ಇದ್ದವರಿಗೆ ಇವತ್ತಿಗೂ ವಾರ್ಫರಿನ್ನೇ.

ಹಾಗಾದರೆ ಮಟ್ಟ ಬೇಕಾಗುವುದು ಯಾವಾಗ? ಒಂದು ಉದಾಹರಣೆ ಕಟ್ಟಿಕೊಂಡು ಲೆಕ್ಕ ಹಾಕೋಣ. 76 ವರ್ಷದ ಅಜ್ಜಿ, ತೂಕ 55 ಕೆಜಿ. ಡಬಿಗಾಟ್ರಾನ್ 110 ಮಿಲಿಗ್ರಾಂ ದಿನಕ್ಕೆರಡು ಬಾರಿ. ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 1.0. ವಯಸ್ಸು ಮತ್ತು ತೂಕ ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ನಿಮಿಷಕ್ಕೆ ಸುಮಾರು 41 ಮಿಲಿಲೀಟರ್ ಶುದ್ಧ ಮಾಡುತ್ತಿದೆ ಅಂತ ಬರುತ್ತದೆ. ಕಡಿಮೆಯೇ, ಆದರೆ ನಡೆಯುತ್ತದೆ. ಈಗ ನಾಲ್ಕು ದಿನ ವಾಂತಿ ಭೇದಿ. ನೀರು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಆದರೆ ಮಾತ್ರೆ ತಪ್ಪಿಸಬಾರದು ಅಂತ ಅಜ್ಜಿ ನಿಷ್ಠೆಯಿಂದ ನುಂಗಿದ್ದಾರೆ. ಐದನೇ ದಿನ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕ್ರಿಯಾಟಿನಿನ್ 2.6. ಅದೇ ಲೆಕ್ಕದಲ್ಲಿ 41 ಇದ್ದದ್ದು 16ಕ್ಕೆ ಇಳಿದಿದೆ. ಕ್ರಿಯಾಟಿನಿನ್ ಏರುತ್ತಲೇ ಇರುವಾಗ ನಿಜ ಸ್ಥಿತಿ ಇದಕ್ಕಿಂತ ಕೆಟ್ಟದಾಗಿಯೇ ಇರಬಹುದು.

ದೇಹಕ್ಕೆ ಸೇರಿದ ಡಬಿಗಾಟ್ರಾನ್‌ನಲ್ಲಿ ಸುಮಾರು ಶೇಕಡಾ 80 ಹೊರಹೋಗುವುದು ಕಿಡ್ನಿಯಿಂದಲೇ. ಆ ದಾರಿ ಕಟ್ಟಿಕೊಂಡಾಗ ಅರ್ಧಕ್ಕಿಳಿಯಲು ಬೇಕಾದ ಸಮಯ 27 ಗಂಟೆಯಷ್ಟು ಆಗುತ್ತದೆ. ಕೊನೆಯ ಮಾತ್ರೆ ತೆಗೆದುಕೊಂಡು 24 ಗಂಟೆಯಾಗಿದೆ ಅನ್ನಿ. ಕಿಡ್ನಿ ಸರಿ ಇದ್ದವರಲ್ಲಿ ಈ ಹೊತ್ತಿಗೆ ಬಹುಪಾಲು ಹೋಗಿರುತ್ತಿತ್ತು. ಯೋಜಿಸಿದ ಶಸ್ತ್ರಚಿಕಿತ್ಸೆಗಳಲ್ಲಿ ಗಡಿಯಾರವನ್ನೇ ನಂಬಿ, ಒಂದು ಎರಡು ದಿನ ಮುಂಚೆ ಮಾತ್ರೆ ನಿಲ್ಲಿಸಿ ಕತ್ತರಿ ಹಾಕುವುದು ಇದಕ್ಕೇ, ಅಲ್ಲಿ ಸಾಮಾನ್ಯವಾಗಿ ಮಟ್ಟ ನೋಡುವ ಅಗತ್ಯ ಬೀಳುವುದಿಲ್ಲ. ಅಜ್ಜಿಯ ವಿಷಯದಲ್ಲಿ ಗಡಿಯಾರ ಸುಳ್ಳು ಹೇಳುತ್ತದೆ.

ಇಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಅಭ್ಯಾಸಬಲದಿಂದ ಐಎನ್‌ಆರ್ ಕಳಿಸುತ್ತಾರೆ, ಅದು 1.4 ಅಂತ ಬರುತ್ತದೆ, "ಪರವಾಗಿಲ್ಲ" ಅನ್ನಿಸುತ್ತದೆ. ಐಎನ್‌ಆರ್ ವಾರ್ಫರಿನ್‌ಗಾಗಿ ಹೊಂದಿಸಿದ ಅಳತೆ. ಡಬಿಗಾಟ್ರಾನ್ ರಕ್ತದಲ್ಲಿ ತುಂಬಿದ್ದರೂ ಅದು ಸ್ವಲ್ಪವೇ ಏರಬಹುದು, ಅಪಿಕ್ಸಾಬಾನ್ ಇದ್ದಾಗಲಂತೂ ಪೂರ್ತಿ ಸಹಜವಾಗಿಯೇ ಕಾಣಬಹುದು. ಡಬಿಗಾಟ್ರಾನ್‌ಗೆ ನೋಡಬೇಕಾದ್ದು ಥ್ರಾಂಬಿನ್ ಟೈಮ್ ಎಂಬ ರಕ್ತಪರೀಕ್ಷೆ. ಅದು ಎಷ್ಟು ಸೂಕ್ಷ್ಮ ಅಂದರೆ, ಸಹಜವಾಗಿ ಬಂದರೆ ಔಷಧ ಹೆಚ್ಚುಕಡಿಮೆ ಇಲ್ಲ ಅಂತಲೇ ಅರ್ಥ. ಏರಿದ್ದರೆ ಮಾತ್ರ "ಇದೆ" ಅನ್ನುತ್ತದೆ, "ಎಷ್ಟಿದೆ" ಅನ್ನುವುದಿಲ್ಲ. ಎಷ್ಟು ಅಂತ ತಿಳಿಯಲು ರಕ್ತದ್ರವವನ್ನು ತೆಳು ಮಾಡಿ, ಡಬಿಗಾಟ್ರಾನ್‌ನ ಗೊತ್ತಿರುವ ಪ್ರಮಾಣಗಳ ಜೊತೆ ಹೋಲಿಸುವ ಪರೀಕ್ಷೆ ಬೇಕು. ಉಳಿದ ಮೂರು ಮಾತ್ರೆಗಳಿಗೆ ಆಂಟಿ-ಟೆನ್-ಎ ಪರೀಕ್ಷೆ, ಅದೂ ಆಯಾ ಔಷಧಕ್ಕೇ ಹೊಂದಿಸಿದ್ದು. ಈ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ ಅನ್ನುವುದೇ ದೊಡ್ಡ ತೊಡಕು.

ಅಜ್ಜಿಯ ಮಟ್ಟ 240 ಬಂತು ಅಂದುಕೊಳ್ಳೋಣ. ದೊಡ್ಡ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಕೇಳುವುದು 30ಕ್ಕಿಂತ ಕಡಿಮೆ. 240 ಹೋಗಿ 120, ಆಮೇಲೆ 60, ಆಮೇಲೆ 30. ಮೂರು ಸಲ ಅರ್ಧವಾಗಬೇಕು, ಒಂದೊಂದಕ್ಕೆ 27 ಗಂಟೆ, ಒಟ್ಟು 81 ಗಂಟೆ. ಮುರಿದ ಸೊಂಟಕ್ಕೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು, ಮೂರೂವರೆ ದಿನ ಹಾಸಿಗೆಯಲ್ಲೇ ಇಟ್ಟರೆ ಅದೇ ಬೇರೆ ಅಪಾಯ. ಅದೇ ಮಟ್ಟ 35 ಅಂತ ಬಂದಿದ್ದರೆ ನೀರು ಹತ್ತಿಸಿ ಕೆಲವು ಗಂಟೆ ಕಾದರೆ ಸಾಕಿತ್ತು. ಆದರೆ 240 ಇರುವುದರಿಂದ ಡಬಿಗಾಟ್ರಾನ್‌ಗೆಂದೇ ಇರುವ ಪ್ರತಿಮದ್ದು ಇಡಾರುಸಿಜುಮಾಬ್ 5 ಗ್ರಾಂ ಕೊಡುವ ಕಡೆಗೆ ಯೋಚನೆ ತಿರುಗುತ್ತದೆ. ಅದು ನಿಮಿಷಗಳಲ್ಲಿ ಔಷಧವನ್ನು ಹಿಡಿದುಬಿಡುತ್ತದೆ. ಜೀವಕ್ಕೆ ಅಪಾಯದ ರಕ್ತಸ್ರಾವ ಇದ್ದರೆ ಮಾತ್ರ ಪರೀಕ್ಷೆಯ ವರದಿಗೆ ಕಾಯುತ್ತಾ ಕೂರಬಾರದು.

ಪ್ರತಿಮದ್ದು ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಅಂಗಾಂಶಗಳಲ್ಲಿ ಅಡಗಿದ್ದ ಡಬಿಗಾಟ್ರಾನ್ ಮೆಲ್ಲಗೆ ರಕ್ತಕ್ಕೆ ಮರಳುತ್ತದೆ, ಕಿಡ್ನಿ ಸೋತವರಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ 12ರಿಂದ 24 ಗಂಟೆಯ ನಂತರ ಥ್ರಾಂಬಿನ್ ಟೈಮ್ ಮತ್ತೆ ನೋಡುತ್ತಾರೆ.

ಇಷ್ಟೆಲ್ಲ ಆಗುವ ಮೊದಲೇ ಹಿಡಿಯಬಹುದಾದದ್ದು ಕ್ರಿಯಾಟಿನಿನ್. ಈ ಮಾತ್ರೆಗಳಲ್ಲಿ ಐಎನ್‌ಆರ್ ಜಾಗದಲ್ಲಿ ನಿಜವಾಗಿ ಕೂರಬೇಕಾದ ಪರೀಕ್ಷೆ ಅದೇ ಅಂತ ನನಗನ್ನಿಸುತ್ತದೆ. ವೈದ್ಯರು ಬಳಸುವ ಒಂದು ಸರಳ ಲೆಕ್ಕ ಇದೆ: ಕಿಡ್ನಿ ನಿಮಿಷಕ್ಕೆ ಶುದ್ಧ ಮಾಡುವ ಆ ಅಂಕಿ 60 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹತ್ತರಿಂದ ಭಾಗಿಸಿ, ಅಷ್ಟು ತಿಂಗಳಿಗೊಮ್ಮೆ ಪರೀಕ್ಷೆ. ಅಜ್ಜಿಗೆ 41, ಅಂದರೆ ನಾಲ್ಕು ತಿಂಗಳಿಗೊಮ್ಮೆ. ಜೊತೆಗೆ ವಾಂತಿ ಭೇದಿ ಎರಡನೇ ದಿನಕ್ಕೆ ಕಾಲಿಟ್ಟರೆ ಮಾತ್ರೆಯನ್ನು ತಾವಾಗಿ ಬಿಡದೆ, ಸುಮ್ಮನೆ ಮುಂದುವರಿಸದೆ, ಅವತ್ತೇ ವೈದ್ಯರಿಗೆ ಫೋನ್ ಮಾಡಬೇಕು. ಅಜ್ಜಿ ಗುಣವಾಗಿ ಮತ್ತೆ ಮಾತ್ರೆ ಶುರು ಮಾಡುವಾಗ ಅಪಿಕ್ಸಾಬಾನ್ ಕಡೆಗೆ ಮನಸ್ಸು ಹೋಗುವುದು ಸಹಜ, ಅದರಲ್ಲಿ ಕಿಡ್ನಿಯಿಂದ ಹೊರಹೋಗುವುದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ.